ಮೂವತ್ತೊಂಬತ್ತು ಹಳ್ಳಿಗಳ ಲೆಕ್ಕ ದೇಶಕ್ಕೆ ಸಾಕೇ?

1999ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ‘ದಿ ಲ್ಯಾನ್ಸೆಟ್’ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಒಂದು ಪ್ರಯೋಗದ ವರದಿಯನ್ನು ಪ್ರಕಟಿಸಿತು. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಕಟ್ಟಿದ ‘ಸರ್ಚ್’ ಸಂಸ್ಥೆ 39 ಹಳ್ಳಿಗಳಲ್ಲಿ ಈ ಪ್ರಯೋಗ ನಡೆಸಿತ್ತು. ಹುಟ್ಟಿದ ಮಗುವನ್ನು ಮೊದಲ ಇಪ್ಪತ್ತೆಂಟು ದಿನ ಮನೆಯಲ್ಲೇ ನೋಡಿಕೊಳ್ಳುವ ಕೆಲಸವನ್ನು ಅದೇ ಊರಿನ, ಐದರಿಂದ ಹತ್ತನೇ ತರಗತಿಯವರೆಗೆ ಓದಿದ ಹೆಣ್ಣುಮಕ್ಕಳಿಗೆ ಕಲಿಸಲಾಗಿತ್ತು. ಪ್ರಯೋಗದ ಮೂರನೇ ವರ್ಷಕ್ಕೆ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿದಿತ್ತು.

ಇಂಥ ಫಲಿತಾಂಶ ಕೈಗೆ ಬಂದ ತಂಡ ಮುಂದೆ ಮಾಡಬೇಕಾದ ಕೆಲಸ ಒಂದೇ. ಹಣ, ಸಿಬ್ಬಂದಿ, ಆದೇಶ ಯಾರ ಕೈಯಲ್ಲಿವೆಯೋ ಅವರ ಮುಂದೆ ಹೋಗಿ, ‘ಇದನ್ನು ದೊಡ್ಡದು ಮಾಡಿ’ ಎಂದು ಕೇಳಬೇಕು. ಸರ್ಕಾರದಲ್ಲಾದರೆ ಇಲಾಖೆಯ ಕಾರ್ಯದರ್ಶಿ, ಕಂಪನಿಯಲ್ಲಾದರೆ ಆಡಳಿತ ಮಂಡಳಿ, ಸಹಕಾರಿ ಸಂಘದಲ್ಲಾದರೆ ನಿರ್ದೇಶಕರು. ಅರ್ಧ ಗಂಟೆಯ ಸಭೆ, ಪರದೆಯ ಮೇಲೆ ಹತ್ತು ಹದಿನೈದು ಪುಟ, ಕೊನೆಯಲ್ಲಿ ಒಂದು ಕೋರಿಕೆ. ಪ್ರಾಯೋಗಿಕ ಯೋಜನೆಗಳ ಹಣೆಬರಹ ತೀರ್ಮಾನವಾಗುವುದು ಅಲ್ಲೇ. ಆ ಸಭೆಯಲ್ಲಿ ಏನನ್ನು, ಎಷ್ಟನ್ನು, ಯಾವ ಮಿತಿಯೊಂದಿಗೆ ಹೇಳಬೇಕು ಎಂಬುದಕ್ಕೆ ಗಡಚಿರೋಲಿಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಆ ಪ್ರಯೋಗದ ಅಂಕಿಗಳು ಪ್ರಕಟವಾಗಿವೆ, ಮಿತಿಗಳು ಗೊತ್ತಿವೆ, ಅದು ದೊಡ್ಡದಾದ ಮೇಲೆ ಏನಾಯಿತು ಎಂಬುದೂ ಗೊತ್ತಿದೆ. ಆ ವರದಿಯನ್ನು ಮುಂದಿಟ್ಟುಕೊಂಡು ಅಂಥದೊಂದು ಮಂಡನೆಯನ್ನು ಮೊದಲಿಂದ ಕೊನೆಯವರೆಗೆ ಕಟ್ಟಿ ನೋಡೋಣ.

ಮೊದಲು ತೊಂದರೆಯ ಅಳತೆ

ಹೆಚ್ಚಿನ ಮಂಡನೆಗಳು ಪರಿಹಾರದಿಂದ ಶುರುವಾಗುತ್ತವೆ. ಗಡಚಿರೋಲಿಯವರು ತೊಂದರೆಯನ್ನು ಅಳೆಯುವುದಕ್ಕೇ ಒಂದು ಪೂರ್ತಿ ವರ್ಷ ಕೊಟ್ಟರು. 1995–96ರಲ್ಲಿ ಆರೋಗ್ಯ ಕಾರ್ಯಕರ್ತೆಯರ ಕೆಲಸ ಬಾಣಂತಿಯ ಮನೆಗೆ ಹೋಗಿ ಮಗುವನ್ನು ನೋಡುವುದು, ತೂಗುವುದು, ಬರೆದುಕೊಳ್ಳುವುದು ಇಷ್ಟೇ ಆಗಿತ್ತು. ಹೀಗೆ 763 ಶಿಶುಗಳ ದಾಖಲೆ ಸೇರಿತು. ಅವುಗಳಲ್ಲಿ ನೂರಕ್ಕೆ 42 ಮಕ್ಕಳು ಎರಡೂವರೆ ಕಿಲೋಗಿಂತ ಕಡಿಮೆ ತೂಕದವು. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ಬೇಕಾಗುವಂಥ ಒಂದಲ್ಲ ಒಂದು ಕಾಯಿಲೆ ಬಂದಿತ್ತು. ಚಿಕಿತ್ಸೆ ಸಿಕ್ಕಿದ್ದು ಮಾತ್ರ ನೂರಕ್ಕೆ ಮೂರು ಮಕ್ಕಳಿಗೂ ಇಲ್ಲ.

ಕಾರ್ಯದರ್ಶಿಯ ಮುಂದೆ ಮೊದಲು ಇಡಬೇಕಾದದ್ದು ಈ ಕೊನೆಯ ಎರಡು ಅಂಕಿಗಳನ್ನು. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ಬೇಕು, ಮೂರು ಜನರಿಗೂ ಸಿಗುತ್ತಿಲ್ಲ ಎಂದ ಮೇಲೆ ಆಸ್ಪತ್ರೆಯಲ್ಲಿ ಹಾಸಿಗೆ ಹೆಚ್ಚಿಸುವುದರಿಂದ ಇದು ಬಗೆಹರಿಯದು ಎಂಬುದು ತಾನಾಗಿ ತಿಳಿಯುತ್ತದೆ. ಮಗು ಆಸ್ಪತ್ರೆಯ ಬಾಗಿಲಿಗೇ ಬರುತ್ತಿಲ್ಲ. ಹಾಗಾದರೆ ಆರೈಕೆಯೇ ಮನೆಗೆ ಹೋಗಬೇಕು. ಮನೆಯಲ್ಲೇ ಆರೈಕೆ ಎಂಬ ಪರಿಹಾರ ಆ ಅಳತೆಯಿಂದ ಹುಟ್ಟಿತು.

ಯಾವುದರೊಂದಿಗೆ ಹೋಲಿಸಿದಿರಿ?

ಫಲಿತಾಂಶ ತೋರಿಸಿದ ಕೂಡಲೇ ಅನುಭವಿ ಅಧಿಕಾರಿ ಕೇಳುವ ಮೊದಲ ಪ್ರಶ್ನೆ ಇದು. ಸಾವು ಇಳಿಯಿತು, ಸರಿ. ನೀವು ಏನೂ ಮಾಡದಿದ್ದರೂ ಇಳಿಯುತ್ತಿತ್ತೇ? ಆ ವರ್ಷಗಳಲ್ಲಿ ರಸ್ತೆ ಬಂದಿರಬಹುದು, ಮಳೆಬೆಳೆ ಚೆನ್ನಾಗಿದ್ದಿರಬಹುದು, ಹೊಸ ಲಸಿಕೆ ಬಂದಿರಬಹುದು.

ಗಡಚಿರೋಲಿಯವರ ಬಳಿ ಇದಕ್ಕೆ ಉತ್ತರವಿತ್ತು. ಆರೈಕೆ ಕೊಟ್ಟ 39 ಹಳ್ಳಿಗಳ ಜೊತೆಗೆ ಆರೈಕೆ ಕೊಡದ 47 ಹಳ್ಳಿಗಳನ್ನೂ ಅವರು ಹೋಲಿಕೆಗಾಗಿ ಇಟ್ಟುಕೊಂಡಿದ್ದರು. ಎರಡೂ ಕಡೆ, ಆರೈಕೆ ಶುರುವಾಗುವ ಮುಂಚಿನ ಎರಡು ವರ್ಷ, ಅಂದರೆ 1993ರಿಂದ 1995ರವರೆಗೆ, ಪ್ರತಿ ಹುಟ್ಟು ಪ್ರತಿ ಸಾವನ್ನು ದಾಖಲಿಸಿದ್ದರು. ಆಗ ಆರೈಕೆಯ ಹಳ್ಳಿಗಳಲ್ಲಿ ಸಾವಿರ ಜೀವಂತ ಹೆರಿಗೆಗೆ 62 ನವಜಾತ ಶಿಶುಗಳು ಸಾಯುತ್ತಿದ್ದವು, ಹೋಲಿಕೆಯ ಹಳ್ಳಿಗಳಲ್ಲಿ 58. ಎರಡೂ ಹೆಚ್ಚು ಕಡಿಮೆ ಒಂದೇ ಸ್ಥಿತಿಯಲ್ಲಿದ್ದವು.

1997–98ರ ಹೊತ್ತಿಗೆ ಆರೈಕೆಯ ಹಳ್ಳಿಗಳಲ್ಲಿ 62 ಇದ್ದದ್ದು 25.5ಕ್ಕೆ ಇಳಿಯಿತು. ಹೋಲಿಕೆಯ ಹಳ್ಳಿಗಳಲ್ಲಿ ಇಳಿಯಲೇ ಇಲ್ಲ, 60ರ ಆಸುಪಾಸಿನಲ್ಲೇ ಉಳಿಯಿತು. ಲೆಕ್ಕ ಹೀಗೆ: ಒಂದು ಕಡೆಯ ಇಳಿಕೆ ಸುಮಾರು ಶೇ 59. ಇನ್ನೊಂದು ಕಡೆ ಇಳಿಯುವ ಬದಲು ಶೇ 3ರಷ್ಟು ಏರಿದೆ. ಎರಡನ್ನೂ ಸೇರಿಸಿದರೆ ನಿವ್ವಳ ವ್ಯತ್ಯಾಸ ಶೇ 62. ಊರಿನಲ್ಲಿ ಬೇರೆ ಏನೇ ಬದಲಾಗಿದ್ದರೂ ಅದು ಎರಡೂ ಕಡೆ ಬದಲಾಗಿರಬೇಕು. ಒಂದೇ ಕಡೆ ಕಾಣುವ ವ್ಯತ್ಯಾಸ ಆರೈಕೆಯದು ಎಂದು ಹೇಳಲು ಬಲ ಬರುವುದು ಹೀಗೆ.

ಮಂಡನೆಯಲ್ಲಿ ತೋರಿಸಬೇಕಾದ ಚಿತ್ರವೂ ಇದೊಂದೇ: ಎರಡು ಗೆರೆಗಳು, ಒಂದೇ ಜಾಗದಿಂದ ಹೊರಟು ಒಂದು ಕೆಳಗಿಳಿಯುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ. ‘ಮೊದಲು’ ಮತ್ತು ‘ನಂತರ’ ಎಂಬ ಎರಡು ಕಂಬಗಳನ್ನಷ್ಟೇ ತೋರಿಸುವ ಮಂಡನೆಯನ್ನು ನಂಬಲು ಕಾರಣವಿಲ್ಲ.

ಇನ್ನೊಂದು ಅಂಕಿ, ಮತ್ತು ಅದರ ದುರ್ಬಲತೆ

ಅದೇ ವರದಿಯಲ್ಲಿ ಇದಕ್ಕಿಂತ ಕಣ್ಣು ಕುಕ್ಕುವ ಅಂಕಿ ಇನ್ನೊಂದಿದೆ. ಎಳೆಮಕ್ಕಳ ರಕ್ತಕ್ಕೆ ನಂಜು ಏರಿದಾಗ ಹಳ್ಳಿಯ ಕಾರ್ಯಕರ್ತೆಯೇ ಜೀವನಿರೋಧಕ ಔಷಧ ಕೊಡುವುದು, ಅದರಲ್ಲೂ ಜೆಂಟಾಮೈಸಿನ್ ಚುಚ್ಚುಮದ್ದು ಕೊಡುವುದು, ಈ ಪ್ರಯೋಗದ ಅತ್ಯಂತ ದಿಟ್ಟ ಭಾಗ. ಚಿಕಿತ್ಸೆ ಶುರುವಾಗುವ ಮೊದಲು ನಂಜಾದ ಮಕ್ಕಳಲ್ಲಿ ಶೇ 16.6 ಸಾಯುತ್ತಿದ್ದವು, ಚಿಕಿತ್ಸೆಯ ನಂತರ ಸತ್ತದ್ದು ಶೇ 2.8.

ಈ ಶೇಕಡಾವಾರಿನ ಹಿಂದೆ ಎಷ್ಟು ಮಕ್ಕಳಿದ್ದಾರೆ ನೋಡಿ. ಮೊದಲ ಗುಂಪಿನಲ್ಲಿ 163 ಮಕ್ಕಳು, ಅಂದರೆ 27 ಸಾವು. ಎರಡನೇ ಗುಂಪಿನಲ್ಲಿ 71 ಮಕ್ಕಳು, ಅಂದರೆ 2 ಸಾವು. ಇನ್ನೆರಡು ಮಕ್ಕಳು ತೀರಿಕೊಂಡಿದ್ದರೆ ಶೇ 2.8 ಇದ್ದದ್ದು ಶೇ 5.6 ಆಗುತ್ತಿತ್ತು, ದುಪ್ಪಟ್ಟು. ಆಗಲೂ ಇಳಿಕೆ ದೊಡ್ಡದೇ, ನಿಜ. ಆದರೆ 2.8 ಎಂಬ ನಿಖರ ಅಂಕಿಯನ್ನು ಹಿಡಿದು ರಾಜ್ಯದಲ್ಲಿ ಎಷ್ಟು ಜೀವ ಉಳಿಯುತ್ತದೆ ಎಂದು ಗುಣಿಸುತ್ತಾ ಹೋದರೆ ಎರಡು ಮಕ್ಕಳ ಅದೃಷ್ಟದ ಮೇಲೆ ಒಂದು ಬಜೆಟ್ಟನ್ನೇ ನಿಲ್ಲಿಸಿದಂತಾಗುತ್ತದೆ. ಇದು ಮೊದಲು–ನಂತರದ ಹೋಲಿಕೆಯೂ ಹೌದು. ಈ ಅಂಕಿಗೆ ಎದುರು ಗುಂಪಿಲ್ಲ. ಹಾಗಾಗಿ ಇದನ್ನು ಮುಖ್ಯ ಸಾಕ್ಷ್ಯಕ್ಕೆ ಪೂರಕವಾಗಿ ಇಡಬೇಕು, ಪಕ್ಕದಲ್ಲೇ 27 ಮತ್ತು 2 ಎಂಬ ಬಿಡಿ ಸಂಖ್ಯೆಗಳನ್ನು ಬರೆಯಬೇಕು. ಶೇಕಡಾವಾರಿನ ಪಕ್ಕದಲ್ಲಿ ಬಿಡಿ ಸಂಖ್ಯೆ ಇಲ್ಲದಿದ್ದರೆ ಸಭೆಯಲ್ಲಿ ಕುಳಿತವರು ಅದನ್ನು ಕೇಳಿ ಪಡೆಯಬೇಕು.

ವೆಚ್ಚದ ಲೆಕ್ಕವೂ ವರದಿಯಲ್ಲಿತ್ತು: ಒಂದು ಮಗುವಿಗೆ 5.3 ಡಾಲರ್, ಅಂದಿನ ದರದಲ್ಲಿ ಸುಮಾರು ಇನ್ನೂರು ರೂಪಾಯಿ. ಹೊಟ್ಟೆಯಲ್ಲೇ ಸಾಯುವ ಕೂಸುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಹದಿನೆಂಟು ಮಕ್ಕಳ ಆರೈಕೆಗೆ ಒಂದು ಸಾವು ತಪ್ಪುತ್ತಿತ್ತು. ಹದಿನೆಂಟನ್ನು 5.3ರಿಂದ ಗುಣಿಸಿದರೆ ಒಂದು ಜೀವಕ್ಕೆ ನೂರು ಡಾಲರಿಗಿಂತ ಕಡಿಮೆ. ಹಣಕಾಸು ಇಲಾಖೆಗೆ ಅರ್ಥವಾಗುವ ಭಾಷೆ ಇದು. ಆದರೆ ಈ ಬೆಲೆ ಆ 39 ಹಳ್ಳಿಗಳ ಬೆಲೆ ಎಂಬುದನ್ನು ಮರೆಯುವಂತಿಲ್ಲ. ಜಿಲ್ಲೆಯಿಂದ ಜಿಲ್ಲೆಗೆ ತರಬೇತಿ, ಔಷಧ ಸಾಗಣೆ, ಮೇಲ್ವಿಚಾರಣೆಯ ಸಂಬಳ ಎಲ್ಲವೂ ಸೇರಿದಾಗ ಬೆಲೆ ಬೇರೆಯಾಗುತ್ತದೆ. ಅದನ್ನು ಹೊಸದಾಗಿ ಲೆಕ್ಕ ಹಾಕಿಯೇ ತರಬೇಕು.

ಮಿತಿಗಳ ಪುಟ

ಈಗ ಮಂಡನೆಯ ಅತ್ಯಂತ ಕಷ್ಟದ ಪುಟ. ಇದನ್ನು ಕೊನೆಗೆ ತಳ್ಳಿ, ಸಣ್ಣ ಅಕ್ಷರದಲ್ಲಿ ಬರೆದು, ಹೊತ್ತಾಯಿತೆಂದು ದಾಟಿಸಿಬಿಡುವುದು ರೂಢಿ. ಗಡಚಿರೋಲಿಯ ಮಟ್ಟಿಗೆ ಆ ಪುಟದಲ್ಲಿ ಮೂರು ಸಂಗತಿಗಳು ಇರಲೇಬೇಕು.

ಮೊದಲನೆಯದು, ಯಾವ ಹಳ್ಳಿಗೆ ಆರೈಕೆ, ಯಾವುದಕ್ಕಿಲ್ಲ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ಎರಡು ವರ್ಷದ ಪೂರ್ವದಾಖಲೆ ಇದ್ದುದರಿಂದ ಎರಡೂ ಕಡೆ ಒಂದೇ ಮಟ್ಟದಲ್ಲಿದ್ದವು ಎಂದು ತೋರಿಸಬಹುದಿತ್ತು. ಆದರೂ ಕಣ್ಣಿಗೆ ಕಾಣದ ವ್ಯತ್ಯಾಸವೊಂದು ಎರಡು ಪ್ರದೇಶಗಳ ನಡುವೆ ಇದ್ದಿರಬಹುದು ಎಂಬ ಸಂದೇಹವನ್ನು ಚೀಟಿ ಎತ್ತುವಿಕೆ ತೊಡೆದುಹಾಕುವಷ್ಟು ಪೂರ್ವದಾಖಲೆ ತೊಡೆದುಹಾಕಲಾರದು.

ಎರಡನೆಯದು, ಕೊಟ್ಟದ್ದು ಒಂದು ಔಷಧವಲ್ಲ, ಹಲವು ಕೆಲಸಗಳ ಕಟ್ಟು. ಹುಟ್ಟಿದೊಡನೆ ಉಸಿರಾಡದ ಮಗುವಿಗೆ ಉಸಿರು ಕೊಡುವುದು, ತಣ್ಣಗಾಗುವ ಮಗುವನ್ನು ಬೆಚ್ಚಗಿಡುವುದು, ಎದೆಹಾಲಿನ ತೊಡಕು ಬಿಡಿಸುವುದು, ಕಡಿಮೆ ತೂಕದ ಮಗುವನ್ನು ಮತ್ತೆ ಮತ್ತೆ ಹೋಗಿ ನೋಡುವುದು, ನಂಜಿಗೆ ಚುಚ್ಚುಮದ್ದು, ತಾಯಂದಿರಿಗೆ ತಿಳಿವಳಿಕೆ. ಯಾವುದು ಎಷ್ಟು ಜೀವ ಉಳಿಸಿತು ಎಂದು ಅಂದಾಜು ಮಾಡಬಹುದೇ ಹೊರತು ಬಿಡಿಸಿ ಹೇಳುವಂತಿಲ್ಲ. ಬಂಗ್ ತಂಡವೇ ಮುಂದೆ ಮಾಡಿದ ಅಂದಾಜಿನಲ್ಲಿ ಉಳಿದ ಜೀವಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ನಂಜಿನ ಚಿಕಿತ್ಸೆಯಿಂದ, ಹೆಚ್ಚು ಕಡಿಮೆ ಅಷ್ಟೇ ಕಡಿಮೆ ತೂಕದ ಮಕ್ಕಳ ಆರೈಕೆಯಿಂದ ಬಂದಿತ್ತು. ಹಾಗಾಗಿ ‘ಚುಚ್ಚುಮದ್ದು ಬೇಡ, ಉಳಿದದ್ದನ್ನು ಮಾಡೋಣ’ ಎಂದು ಇಲಾಖೆ ಹೇಳಿದರೆ ಶೇ 62ರ ಭರವಸೆಯನ್ನು ಆ ಹೊಸ ಕಟ್ಟಿಗೆ ಅಂಟಿಸುವಂತಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಮೇಲ್ವಿಚಾರಣೆ. ಸಾವಿರ ಜನಕ್ಕೆ ಒಬ್ಬರಂತೆ ಆರಿಸಿ ತರಬೇತಿ ಕೊಟ್ಟ ಕಾರ್ಯಕರ್ತೆ, ಹದಿನೈದು ದಿನಕ್ಕೊಮ್ಮೆ ಬಂದು ನೋಡುವ ಮೇಲ್ವಿಚಾರಕ, ಹಿಂದೆ ಅದೇ ಜಿಲ್ಲೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಜನರ ವಿಶ್ವಾಸ ಗಳಿಸಿದ ಸಂಸ್ಥೆ. ಮೂರನೇ ವರ್ಷ ನೂರಕ್ಕೆ 93 ಶಿಶುಗಳಿಗೆ ಆರೈಕೆ ತಲುಪಿದ್ದು ಈ ವ್ಯವಸ್ಥೆಯ ಬಲದಿಂದ.

ಇದನ್ನು ಸರ್ಕಾರಿ ವ್ಯವಸ್ಥೆಯ ಮೇಲೆ ಇಟ್ಟು ನೋಡಿ. ಇಂದು ಹಳ್ಳಿಯಲ್ಲಿ ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ. ರಾಷ್ಟ್ರೀಯ ಮಾನದಂಡದ ಪ್ರಕಾರ ಸುಮಾರು ಇಪ್ಪತ್ತು ಆಶಾ ಕಾರ್ಯಕರ್ತೆಯರಿಗೆ ಒಬ್ಬ ಮೇಲ್ವಿಚಾರಕಿ, ಆಕೆಗೆ ತಿಂಗಳಿಗೆ ಇಪ್ಪತ್ತು ಭೇಟಿಯ ಭತ್ಯೆ. ಅಂದರೆ ಪ್ರತಿ ಆಶಾಗೆ ತಿಂಗಳಿಗೊಂದು ಭೇಟಿ. ಗಡಚಿರೋಲಿಯ ಹಾಗೆ ಹದಿನೈದು ದಿನಕ್ಕೊಮ್ಮೆ ಎಂದರೆ ತಿಂಗಳಿಗೆ ನಲವತ್ತು ಭೇಟಿ ಬೇಕು. ಒಂದೋ ಮೇಲ್ವಿಚಾರಕಿಯರನ್ನು ದುಪ್ಪಟ್ಟು ಮಾಡಬೇಕು, ಇಲ್ಲವೇ ಫಲಿತಾಂಶ ಕಡಿಮೆಯಾದೀತು ಎಂದು ಮೊದಲೇ ಒಪ್ಪಿಕೊಳ್ಳಬೇಕು. ಮಿತಿಗಳ ಪುಟದಲ್ಲಿ ಇರಬೇಕಾದದ್ದು ಇಂಥ ಲೆಕ್ಕ. ‘ಮೇಲ್ವಿಚಾರಣೆ ಸವಾಲಾಗಬಹುದು’ ಎಂದು ಬರೆದರೆ ಅಧಿಕಾರಿಗೆ ಏನೂ ಸಿಗುವುದಿಲ್ಲ. ‘ತಿಂಗಳಿಗೆ ಇಪ್ಪತ್ತು ಭೇಟಿ ಕಡಿಮೆ ಬೀಳುತ್ತದೆ’ ಎಂದರೆ ಅವರು ಅದರ ಬಗ್ಗೆ ತೀರ್ಮಾನ ಮಾಡಬಲ್ಲರು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುತ್ತೇವೆ. ಆ ಮಾತು ನಿಜವಾಗುವುದು ಅದೇ ಪಾತ್ರೆ, ಅದೇ ನೀರು, ಅದೇ ಉರಿಯ ಮೇಲಿರುವ ಅನ್ನಕ್ಕೆ. ಬೇರೆ ಒಲೆಯ ಮೇಲಿನ ಪಾತ್ರೆಯ ಬಗ್ಗೆ ಈ ಅಗುಳು ಏನೂ ಹೇಳದು. ಆ ಪಾತ್ರೆಯಿಂದಲೇ ಇನ್ನೊಂದು ಅಗುಳನ್ನು ತೆಗೆಯಬೇಕು.

ಎಷ್ಟು ಕೇಳಬೇಕು?

39 ಹಳ್ಳಿಗಳ ಸಾಕ್ಷ್ಯ ಹಿಡಿದು ಇಡೀ ದೇಶವನ್ನು ಕೇಳುವುದು ತಪ್ಪು. ಮಿತಿಗಳಿವೆ ಎಂದು ಏನನ್ನೂ ಕೇಳದಿರುವುದೂ ತಪ್ಪು, ಏಕೆಂದರೆ ಆ ನಡುವೆ ಮಕ್ಕಳು ಸಾಯುತ್ತಲೇ ಇರುತ್ತಾರೆ. ಪ್ರತಿ ಮಿತಿಯನ್ನೂ ಒಂದು ಪ್ರಶ್ನೆಯಾಗಿ ತಿರುಗಿಸಿ, ಆ ಪ್ರಶ್ನೆಗೆ ಉತ್ತರ ಸಿಗುವಷ್ಟು ದೊಡ್ಡದಾದ ಮುಂದಿನ ಹೆಜ್ಜೆಯನ್ನು ಕೇಳುವುದು ಸರಿಯಾದ ದಾರಿ. ಮನೆಯಲ್ಲೇ ಶಿಶು ಆರೈಕೆಯ ಕಥೆ ಮುಂದೆ ಸಾಗಿದ್ದು ಹೆಚ್ಚು ಕಡಿಮೆ ಹೀಗೆಯೇ.

ಮೊದಲ ಪ್ರಶ್ನೆ: ಬಂಗ್ ದಂಪತಿ ಇಲ್ಲದ ಕಡೆಯೂ ಇದು ನಡೆಯುತ್ತದೆಯೇ? ಅದಕ್ಕಾಗಿ ‘ಅಂಕುರ್’ ಎಂಬ ಹೆಸರಿನಲ್ಲಿ ಮಹಾರಾಷ್ಟ್ರದ ಏಳು ಕಡೆ ಬೇರೆ ಬೇರೆ ಸ್ವಯಂಸೇವಾ ಸಂಸ್ಥೆಗಳು ಅದೇ ಕೆಲಸ ಮಾಡಿದವು. ಅಲ್ಲಿ ನವಜಾತ ಶಿಶುಗಳ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಗಡಚಿರೋಲಿಗಿಂತ ತುಸು ಕಡಿಮೆ, ಆದರೂ ದೊಡ್ಡ ಇಳಿಕೆ. ಎರಡನೇ ಪ್ರಶ್ನೆ: ಬೇರೆ ರಾಜ್ಯಗಳ ಸ್ಥಿತಿಯಲ್ಲಿ ಏನಾಗುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬಿಹಾರ, ಮಧ್ಯಪ್ರದೇಶ, ಒಡಿಶಾ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿತು. ಮೂರನೇ ಪ್ರಶ್ನೆ: ಚೀಟಿ ಎತ್ತಿ ಆರಿಸಿದರೂ ಫಲ ಉಳಿಯುತ್ತದೆಯೇ? ಬಾಂಗ್ಲಾದೇಶದ ಸಿಲೆಟ್‌ನಲ್ಲಿ ಚೀಟಿ ಎತ್ತಿ ಪ್ರದೇಶಗಳನ್ನು ಹಂಚಿ ನಡೆಸಿದ ಪ್ರಯೋಗದ ವರದಿ 2008ರಲ್ಲಿ ಬಂತು. ಪ್ರಯೋಗದ ಕೊನೆಯ ಆರು ತಿಂಗಳಲ್ಲಿ ಮನೆಭೇಟಿಯ ಪ್ರದೇಶಗಳಲ್ಲಿ ಸಾವು ಶೇ 34ರಷ್ಟು ಕಡಿಮೆಯಿತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ನವಜಾತ ಶಿಶುವಿಗೆ ಮನೆಭೇಟಿಯನ್ನು ಶಿಫಾರಸು ಮಾಡಿದವು.

ನಾಲ್ಕನೇ ಪ್ರಶ್ನೆಯೇ ಕಠಿಣ: ಸರ್ಕಾರಿ ಸಿಬ್ಬಂದಿಯೇ, ತಮ್ಮ ಉಳಿದೆಲ್ಲ ಕೆಲಸದ ನಡುವೆ ಮಾಡಿದರೆ? ಹರಿಯಾಣದ ಫರೀದಾಬಾದ್ ಜಿಲ್ಲೆಯ ಹದಿನೆಂಟು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, ಮನೆಭೇಟಿಯ ಜೊತೆಗೆ ಕಾಯಿಲೆಯ ಮಕ್ಕಳ ಚಿಕಿತ್ಸೆಯನ್ನೂ ಒಳಗೊಂಡ ಸರ್ಕಾರಿ ಕಾರ್ಯಕ್ರಮವೊಂದನ್ನು ಚೀಟಿ ಎತ್ತಿಯೇ ಪರೀಕ್ಷಿಸಿದರು. 2012ರಲ್ಲಿ ಬಂದ ವರದಿಯ ಪ್ರಕಾರ ನವಜಾತ ಶಿಶುಗಳ ಸಾವಿನಲ್ಲಿ ಇಳಿಕೆ ಸುಮಾರು ಶೇ 9, ಅದೂ ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳಲಾಗದಷ್ಟು. ಮನೆಯಲ್ಲೇ ಹುಟ್ಟಿದ ಮಕ್ಕಳಲ್ಲಿ ಮಾತ್ರ ಇಳಿಕೆ ಶೇ 20ರಷ್ಟಿತ್ತು.

ಅರವತ್ತೆರಡು, ಐವತ್ತರ ಆಸುಪಾಸು, ಮೂವತ್ತನಾಲ್ಕು, ಒಂಬತ್ತು. ನಾಲ್ಕೂ ಕಡೆ ಕೊಟ್ಟ ಆರೈಕೆಯ ಕಟ್ಟು ಒಂದೇ ಅಲ್ಲ, ಜನರ ಸ್ಥಿತಿಯೂ ಒಂದೇ ಅಲ್ಲ. ಆದ್ದರಿಂದ ಇವನ್ನು ಒಂದೇ ಏಣಿಯ ಮೆಟ್ಟಿಲುಗಳೆಂದು ತಿಳಿಯಬಾರದು. ಆದರೂ ಗುಂಪು ದೊಡ್ಡದಾದಂತೆ, ಕೆಲಸ ಸಾಮಾನ್ಯ ಸಿಬ್ಬಂದಿಯ ಕೈಗೆ ಹೋದಂತೆ ಫಲ ಕುಗ್ಗುವುದು ಪ್ರಾಯೋಗಿಕ ಯೋಜನೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಮಂಡನೆ ಮಾಡುವವರು ಈ ಕುಗ್ಗುವಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಶೇ 62ರ ಬದಲು ಶೇ 20 ಬಂದರೂ ಈ ಖರ್ಚು ಸಾರ್ಥಕವೇ? ಹತ್ತು ಬಂದರೆ? ಈ ಎರಡು ಸಾಲುಗಳಿಗೆ ಲೆಕ್ಕ ಹಾಕಿ ತೋರಿಸಿದ ತಂಡದ ಕೋರಿಕೆ, ಕನಸಿನ ಅಂಕಿಯೊಂದನ್ನೇ ತೋರಿಸಿದ ತಂಡದ ಕೋರಿಕೆಗಿಂತ ಗಟ್ಟಿ.

ದೊಡ್ಡದಾದ ಮೇಲೆ ಬದಲಾದದ್ದು

2011ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಈ ಕೆಲಸವನ್ನು ದೇಶದ ಆಶಾ ಕಾರ್ಯಕರ್ತೆಯರಿಗೆ ವಹಿಸಿತು. ಕರ್ನಾಟಕದ ಹಳ್ಳಿಗಳಲ್ಲಿ ಬಾಣಂತಿಯ ಮನೆಗೆ ಆಶಾ ಬಂದು ಮಗುವನ್ನು ಜೋಳಿಗೆಯಲ್ಲಿಟ್ಟು ತೂಗುವುದರ ಹಿಂದೆ ಇರುವುದು ಇದೇ ಕಾರ್ಯಕ್ರಮ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಭೇಟಿ. ಮನೆಯಲ್ಲಿ ಹೆರಿಗೆಯಾದರೆ ಮೊದಲ ದಿನವೂ ಸೇರಿ ಏಳು. ಎಲ್ಲವನ್ನೂ ಮುಗಿಸಿದರೆ 250 ರೂಪಾಯಿ ಪ್ರೋತ್ಸಾಹಧನ.

ಗಡಚಿರೋಲಿಯ ಕಟ್ಟು ಇಲ್ಲಿಗೆ ಇಡಿಯಾಗಿ ಬರಲಿಲ್ಲ. ಚುಚ್ಚುಮದ್ದನ್ನು ಆಶಾ ಕೈಗೆ ಕೊಡಲಿಲ್ಲ. ಮಗುವನ್ನು ಆಸ್ಪತ್ರೆಗೆ ಒಯ್ಯಲಾಗದ ಸಂದರ್ಭದಲ್ಲಿ ಎಎನ್‌ಎಂ ಜೆಂಟಾಮೈಸಿನ್ ಕೊಡಬಹುದೆಂಬ ಮಾರ್ಗಸೂಚಿ ಬಂದದ್ದು 2014ರಲ್ಲಿ. ಅಷ್ಟರಲ್ಲಿ ದೇಶವೂ ಬದಲಾಗಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ನೂರಕ್ಕೆ 39 ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿದ್ದವು, 2019–21ರ ಸಮೀಕ್ಷೆಯಲ್ಲಿ ಅದು 89. ಉಸಿರು ಕಟ್ಟಿದ ಮಗುವಿಗೆ ಮನೆಯಲ್ಲೇ ಉಸಿರು ಕೊಡುವ ಕೆಲಸ ಬಹುಪಾಲು ಹೆರಿಗೆ ಕೋಣೆಯ ಶುಶ್ರೂಷಕಿಯ ಪಾಲಿಗೆ ಹೋಯಿತು. ಮನೆಭೇಟಿಯ ಫಲ ಯಾರಿಗೆ ಹೆಚ್ಚು ಎಂಬುದಕ್ಕೆ ಫರೀದಾಬಾದಿನ ಶೇ 20 ಮೊದಲೇ ಸುಳಿವು ಕೊಟ್ಟಿತ್ತು. ದೇಶದ ನವಜಾತ ಶಿಶು ಮರಣ 2020ರ ಹೊತ್ತಿಗೆ ಸಾವಿರಕ್ಕೆ 20ಕ್ಕೆ ಇಳಿದಿದೆ. ಇದರಲ್ಲಿ ಆಶಾ ಭೇಟಿಯ ಪಾಲೆಷ್ಟು, ಆಸ್ಪತ್ರೆ ಹೆರಿಗೆಯ ಪಾಲೆಷ್ಟು ಎಂದು ಬೇರ್ಪಡಿಸಲು ಈಗ ದಾರಿಯಿಲ್ಲ, ಏಕೆಂದರೆ ಎಲ್ಲೆಡೆ ಒಟ್ಟಿಗೆ ಶುರುವಾದದ್ದಕ್ಕೆ ಹೋಲಿಸುವ ಹಳ್ಳಿ ಉಳಿದಿರುವುದಿಲ್ಲ. ಹಂತಹಂತವಾಗಿ ವಿಸ್ತರಿಸುವಾಗ ಕೆಲವು ತಾಲ್ಲೂಕುಗಳನ್ನು ಎರಡನೇ ಸುತ್ತಿಗೆ ಇಟ್ಟುಕೊಂಡರೆ ಅಷ್ಟು ಕಾಲ ಅವೇ ಹೋಲಿಕೆಗೆ ಒದಗುತ್ತವೆ. ಈ ಸಲಹೆ ಮಂಡನೆಯಲ್ಲೇ ಇರಬೇಕು, ಆದೇಶ ಹೊರಟ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಕೆಡುತ್ತಿದೆ ಎಂದು ತಿಳಿಯುವುದು ಹೇಗೆ?

ಕೋರಿಕೆಯ ಜೊತೆಗೇ, ಯಾವ ಲಕ್ಷಣ ಕಂಡರೆ ನಿಲ್ಲಿಸಿ ನೋಡಬೇಕು ಎಂಬುದನ್ನೂ ಬರೆದುಕೊಡಬೇಕು. ಎಷ್ಟು ಭೇಟಿಯಾಯಿತು ಎಂಬ ಲೆಕ್ಕ ಇದಕ್ಕೆ ಸಾಲದು. ಹಣ ಸಿಗುವುದು ಭೇಟಿಯ ಮೇಲಾದ್ದರಿಂದ ಭೇಟಿಯ ಅಂಕಿ ಸದಾ ಚೆನ್ನಾಗಿಯೇ ಇರುತ್ತದೆ.

ಹೆಚ್ಚು ಹೇಳುವುದು ತೂಕದ ಪಟ್ಟಿ. ನಿಜವಾಗಿ ತೂಗಿದ ಮಕ್ಕಳ ತೂಕ 2.1, 2.3, 2.6, 2.9 ಎಂದು ಹರಡಿಕೊಂಡಿರುತ್ತದೆ. ಒಂದು ಉಪಕೇಂದ್ರದ ಪಟ್ಟಿಯಲ್ಲಿ ಸರಿಯಾಗಿ 2.5 ಎಂದೇ ರಾಶಿ ಬಿದ್ದಿದ್ದರೆ, ಅದಕ್ಕಿಂತ ಕೆಳಗೆ ಬೆರಳೆಣಿಕೆಯಷ್ಟೇ ಇದ್ದರೆ, ತಕ್ಕಡಿ ಚೀಲದಿಂದ ಹೊರಗೆ ಬರುತ್ತಿಲ್ಲ ಅಥವಾ ಕೆಟ್ಟಿದೆ ಎಂದರ್ಥ. ಹಾಗೆಯೇ ಒಂದು ಪ್ರದೇಶದಲ್ಲಿ ನೂರಾರು ಭೇಟಿಯಾಗಿದ್ದರೂ ಕಾಯಿಲೆಯ ಮಗುವೇ ಸಿಗದಿದ್ದರೆ ಅದನ್ನು ಆರೋಗ್ಯದ ಗುರುತೆಂದು ತಿಳಿಯಬಾರದು. ಮಗುವನ್ನು ಬಟ್ಟೆ ಬಿಚ್ಚಿ ನೋಡದೆ, ಹಾಲು ಕುಡಿಯುವುದನ್ನು ಗಮನಿಸದೆ ಪುಸ್ತಕ ತುಂಬಲಾಗಿದೆ ಎಂಬ ಶಂಕೆ ಬರಬೇಕು. ಇಂಥ ಲಕ್ಷಣ ಮೂರು ತಿಂಗಳ ಪಟ್ಟಿಯಲ್ಲೇ ಕಾಣುತ್ತದೆ, ಸಾವಿನ ಅಂಕಿಗಾಗಿ ವರ್ಷಗಟ್ಟಲೆ ಕಾಯಬೇಕಿಲ್ಲ. ಅಂಥ ಪಟ್ಟಿ ಕಂಡ ತಾಲ್ಲೂಕಿನಲ್ಲಿ ವಿಸ್ತರಣೆ ನಿಲ್ಲಿಸಿ, ಮೇಲ್ವಿಚಾರಕಿ ಆಶಾ ಜೊತೆಗೆ ಮನೆಗೆ ಹೋಗಿ ಮತ್ತೆ ತೂಗಿಸಿ, ಎರಡು ತೂಕಗಳನ್ನು ಹೋಲಿಸಬೇಕು. ತಪ್ಪು ತಕ್ಕಡಿಯದೋ, ತರಬೇತಿಯದೋ, ಒಬ್ಬ ಆಶಾಳ ಮೇಲೆ ಹೇರಿದ ಕೆಲಸದ ಹೊರೆಯದೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇಷ್ಟನ್ನೂ ಸೇರಿಸಿದರೆ ಕೊನೆಯ ಪುಟದ ಕೋರಿಕೆ ಹೀಗಿರುತ್ತದೆ: ‘ಇಡೀ ರಾಜ್ಯ ಈಗ ಬೇಡ. ಈ ಇಂತಿಷ್ಟು ತಾಲ್ಲೂಕು ಕೊಡಿ, ಸರ್ಕಾರಿ ಸಿಬ್ಬಂದಿಯೇ ಮಾಡಲಿ. ಮೇಲ್ವಿಚಾರಣೆಯ ಭೇಟಿ ಇಷ್ಟು ಬೇಕು, ಅದಕ್ಕೆ ಇಷ್ಟು ಹಣ. ಚುಚ್ಚುಮದ್ದನ್ನು ಬಿಟ್ಟರೆ ಫಲ ಇಷ್ಟು ಕುಗ್ಗಬಹುದು. ಈ ತಾಲ್ಲೂಕುಗಳನ್ನು ಹೋಲಿಕೆಗಾಗಿ ಎರಡನೇ ಸುತ್ತಿಗೆ ಬಿಡಿ. ಈ ಲಕ್ಷಣ ಕಂಡರೆ ನಾವೇ ನಿಲ್ಲಿಸುತ್ತೇವೆ.’ ಇಂಥ ಕೋರಿಕೆಗೆ ‘ಹೌದು’ ಎನ್ನುವ ಅಧಿಕಾರಿಗೆ ತಾನು ಯಾವುದಕ್ಕೆ ಒಪ್ಪಿದೆ ಎಂಬುದು ಸ್ಪಷ್ಟವಾಗಿರುತ್ತದೆ. ‘ಇಲ್ಲ’ ಎನ್ನುವವರೂ ಯಾವ ಸಾಲಿಗೆ ಇಲ್ಲ ಎಂದು ಹೇಳಬೇಕಾಗುತ್ತದೆ.

ಅಂಥ ಸಭೆಗಳಲ್ಲಿ ಕೂರುವ ಕಾರ್ಯದರ್ಶಿಗಳಿಗೆ, ಜಿಲ್ಲಾ ಪಂಚಾಯಿತಿಯ ಅಧಿಕಾರಿಗಳಿಗೆ, ಆಡಳಿತ ಮಂಡಳಿಯ ಸದಸ್ಯರಿಗೆ ನನ್ನ ವಿನಂತಿ ಒಂದೇ. ಮಿತಿಗಳ ಪುಟವಿಲ್ಲದ ಮಂಡನೆಗೆ ಹಣ ಮಂಜೂರು ಮಾಡಬೇಡಿ. ಮಿತಿಗಳನ್ನು ತಾವಾಗಿ ಬರೆದು ತಂದವರನ್ನು ಅದೇ ಕಾರಣಕ್ಕೆ ವಾಪಸ್ ಕಳಿಸಲೂ ಬೇಡಿ.